ಮಗ ಖರ್ಚು ಮಾಡಿದ ಆ್ಯಡ್-ಆನ್ ಕಾರ್ಡ್: ಬಾಕಿ ಯಾರ ತಲೆಗೆ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ಸಣ್ಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ನಡೆಸುತ್ತಿದ್ದೇನೆ. ನನ್ನ ಕ್ರೆಡಿಟ್ ಕಾರ್ಡಿನ ಲಿಮಿಟ್ 1,50,000 ರೂಪಾಯಿ. ಪತ್ನಿಗೂ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುವ ಮಗನಿಗೂ ಆ್ಯಡ್-ಆನ್ ಕಾರ್ಡ್ ಕೊಡಿಸಿದ್ದೇನೆ. ಮಗನ ಕಾರ್ಡಿಗೆ 60,000 ರೂಪಾಯಿ ಮಿತಿ ಹಾಕಿಸಿದ್ದೆ. ಈ ತಿಂಗಳು ಘಟಕದ ಮೋಟಾರು, ಬಾಯ್ಲರ್ ರಿಪೇರಿಗೆ ನಾನು 62,000, ಮಗಳ ಕಾಲೇಜು ಶುಲ್ಕಕ್ಕೆ ಪತ್ನಿ 18,000 ಖರ್ಚು ಮಾಡಿದ್ದೇವೆ. ತಾಯಿಯವರನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿ 25,000 ಮುಂಗಡ ಕಟ್ಟಲು ಹೋದಾಗ ನನ್ನ ಕಾರ್ಡ್ ನಡೆಯಲಿಲ್ಲ. ವಿಚಾರಿಸಿದರೆ ಮಗ 54,000 ರೂಪಾಯಿಯ ಮೊಬೈಲನ್ನು ಆರು ಕಂತಿನಲ್ಲಿ ಕೊಂಡಿದ್ದಾನೆ. ಸ್ಟೇಟ್‌ಮೆಂಟಿನಲ್ಲಿ ಅವನ ಕಂತು ಸುಮಾರು 9,500 ಮಾತ್ರ ಇದೆ. ಹಾಗಿದ್ದರೆ ನನ್ನ ಲಿಮಿಟ್ ಎಲ್ಲಿ ಹೋಯಿತು? ನನ್ನ ಮತ್ತು ಪತ್ನಿಯ 80,000 ಕಟ್ಟಿ, ಉಳಿದದ್ದನ್ನು ಮಗನಿಂದಲೇ ವಸೂಲು ಮಾಡಿಕೊಳ್ಳಿ ಎಂದು ಬ್ಯಾಂಕಿಗೆ ಹೇಳಬಹುದೇ? ನನ್ನ ತಮ್ಮನೂ ಒಂದು ಕಾರ್ಡ್ ಕೊಡಿಸು ಎನ್ನುತ್ತಿದ್ದಾನೆ. ಕೊಡಿಸಲೇ?
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಬ್ಯಾಂಕಿಗೆ ಹಾಗೆ ಹೇಳಲು ಬರುವುದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನದಲ್ಲಿ ಇದು ಸ್ಪಷ್ಟವಾಗಿದೆ. ಮೂಲ ಕಾರ್ಡುದಾರರು ಗುರುತಿಸಿ ಹೇಳಿದ ವ್ಯಕ್ತಿಗೆ ಮಾತ್ರ ಆ್ಯಡ್-ಆನ್ ಕಾರ್ಡ್ ಕೊಡಬೇಕು, ಮತ್ತು ಅದರ ಹೊಣೆ ಮೂಲ ಕಾರ್ಡುದಾರರದ್ದೇ ಎಂಬ ತಿಳಿವಳಿಕೆಯ ಮೇಲೆಯೇ ಕೊಡಬೇಕು. ನಿಮ್ಮ ಮಗನ ಹೆಸರು ಕಾರ್ಡಿನ ಮೇಲಿದ್ದರೂ ಸಾಲದ ಖಾತೆ ನಿಮ್ಮದು. ಅವನ ಸಂಬಳ ಎಷ್ಟು ಎಂದು ಬ್ಯಾಂಕು ನೋಡಿಲ್ಲ, ನಿಮ್ಮ ಆದಾಯ ನೋಡಿ ಲಿಮಿಟ್ ಕೊಟ್ಟಿದೆ. ಕೆಲವು ಬ್ಯಾಂಕುಗಳ ಒಪ್ಪಂದದಲ್ಲಿ ಆ್ಯಡ್-ಆನ್ ಕಾರ್ಡುದಾರರೂ ಜಂಟಿಯಾಗಿ ಹೊಣೆ ಎಂಬ ಷರತ್ತು ಇರುತ್ತದೆ. ಅದರಿಂದ ಬ್ಯಾಂಕಿಗೆ ಇನ್ನೊಬ್ಬರನ್ನೂ ಕೇಳುವ ದಾರಿ ಸಿಗುತ್ತದೆಯೇ ಹೊರತು ನಿಮ್ಮ ಭಾರ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಲಿಮಿಟ್ ಎಲ್ಲಿ ಹೋಯಿತು ಎಂಬುದನ್ನು ನಿಮ್ಮ ಲೆಕ್ಕದಲ್ಲೇ ನೋಡೋಣ, ಏಕೆಂದರೆ ಇಲ್ಲಿ ಒಂದಲ್ಲ, ಎರಡು ತಪ್ಪು ತಿಳಿವಳಿಕೆ ಸೇರಿಕೊಂಡಿವೆ. ಮೊದಲನೆಯದು ಆ 60,000 ರೂಪಾಯಿಯ ಮಿತಿ. ಅದು ಮಗನಿಗೆಂದು ಬೇರೆ ತೆಗೆದಿಟ್ಟ ಹಣವಲ್ಲ, ನಿಮ್ಮ 1,50,000ಕ್ಕೆ ಸೇರಿಸಿ ಕೊಟ್ಟದ್ದೂ ಅಲ್ಲ. ಅವನು ಆ ಗಡಿ ದಾಟುವಂತಿಲ್ಲ ಎಂಬುದಷ್ಟೇ ಅದರ ಅರ್ಥ. ಗಡಿಯೊಳಗೆ ಅವನು ಖರ್ಚು ಮಾಡಿದ ಪ್ರತಿಯೊಂದು ರೂಪಾಯಿಯೂ ನಿಮ್ಮ ಮತ್ತು ನಿಮ್ಮ ಪತ್ನಿಯ ಪಾಲಿನಿಂದಲೇ ಹೋಗುತ್ತದೆ. ಇದು ಎರಡೂ ಕಡೆಗೆ ನಡೆಯುತ್ತದೆ: ನೀವೇ 1,45,000 ಖರ್ಚು ಮಾಡಿಬಿಟ್ಟರೆ, 60,000 ಮಿತಿಯಿದ್ದರೂ ಮಗನಿಗೆ ಸಿಗುವುದು 5,000 ಮಾತ್ರ.

ಎರಡನೆಯದು ಕಂತಿನ ವಿಚಾರ. ಸ್ಟೇಟ್‌ಮೆಂಟಿನಲ್ಲಿ ಈ ತಿಂಗಳ ಕಂತು ಮಾತ್ರ ಕಾಣುತ್ತದೆ, ಆದರೆ ಲಿಮಿಟ್‌ನಿಂದ ಮೊಬೈಲಿನ ಪೂರ್ತಿ 54,000 ಮೊದಲ ದಿನವೇ ಕಡಿತವಾಗುತ್ತದೆ. ಅಂಗಡಿಯವರು ಬಡ್ಡಿರಹಿತ ಕಂತು ಎಂದು ಮಾರಿದ್ದರೂ ಇದು ಹೀಗೆಯೇ. ನಿಮ್ಮ 62,000, ಪತ್ನಿಯ 18,000, ಮಗನ 54,000 ಕೂಡಿದರೆ 1,34,000. ಆಸ್ಪತ್ರೆಯ ಕೌಂಟರಿನಲ್ಲಿ ನಿಮ್ಮ ಕೈಯಲ್ಲಿ ಉಳಿದಿದ್ದದ್ದು 16,000. ಅಲ್ಲಿ 25,000ದ ವ್ಯವಹಾರ ನಡೆಯದಿದ್ದದ್ದು ಅದಕ್ಕೇ. ಈಗ ಸ್ಟೇಟ್‌ಮೆಂಟಿನ ಹಣವನ್ನು ಪೂರ್ತಿ ಕಟ್ಟಿದರೂ ಲಿಮಿಟ್ ಪೂರ್ತಿ ಮರಳುವುದಿಲ್ಲ. ಕಂತಿನಲ್ಲಿರುವ ಅಸಲಿನ ಭಾಗ, ಅಂದರೆ ಮೊದಲ ತಿಂಗಳಲ್ಲಿ ಹೆಚ್ಚೂಕಡಿಮೆ 8,700 ರೂಪಾಯಿ, ಬಿಡುಗಡೆಯಾಗುತ್ತದೆ. ಉಳಿದ 45,000ಕ್ಕೂ ಹೆಚ್ಚಿನ ಹಣ ಮುಂದಿನ ತಿಂಗಳುಗಳಲ್ಲಿ ನಿಧಾನವಾಗಿ ಬಿಡುತ್ತದೆ. ತಾಯಿಯವರ ಚಿಕಿತ್ಸೆ ಮುಂದುವರಿಯುವುದಿದ್ದರೆ ಈ ಅಂಕಿ ನಿಮ್ಮ ಗಮನದಲ್ಲಿರಲಿ. ಬ್ಯಾಂಕಿನ ಆ್ಯಪ್‌ನಲ್ಲಿ ಕಾಣುವ ‘ಲಭ್ಯ ಲಿಮಿಟ್’ ಒಂದೇ ನಂಬಬೇಕಾದ ಸಂಖ್ಯೆ. ಒಟ್ಟು ಲಿಮಿಟ್‌ನಿಂದ ಸ್ಟೇಟ್‌ಮೆಂಟ್ ಮೊತ್ತ ಕಳೆದು ನೀವೇ ಹಾಕುವ ಲೆಕ್ಕ ಕಂತು ಇರುವ ತನಕ ತಪ್ಪಾಗಿಯೇ ಬರುತ್ತದೆ.

ಇನ್ನು 80,000 ಕಟ್ಟಿ 9,500 ಬಿಟ್ಟುಬಿಡುವ ಯೋಚನೆ. ದಯವಿಟ್ಟು ಇದನ್ನು ಮಾಡಬೇಡಿ. ಮೂರು ಕಾರ್ಡುಗಳ ಖರ್ಚು ಸ್ಟೇಟ್‌ಮೆಂಟಿನಲ್ಲಿ ಬೇರೆ ಬೇರೆ ಕಂಡರೂ ಬ್ಯಾಂಕಿಗೆ ಇರುವುದು ಒಂದೇ ಬಾಕಿ: 89,500. ನೀವು ಕಟ್ಟುವ 80,000ವನ್ನು ‘ಇದು ಅಪ್ಪನದು, ಇದು ಅಮ್ಮನದು’ ಎಂದು ಅವರು ವಿಂಗಡಿಸುವುದಿಲ್ಲ. ಸಾಮಾನ್ಯವಾಗಿ ಶುಲ್ಕ, ಬಡ್ಡಿ, ಕಂತುಗಳನ್ನು ಮೊದಲು ತೀರಿಸಿಕೊಂಡು ಆಮೇಲೆ ಉಳಿದ ಖರೀದಿಗಳಿಗೆ ಜಮಾ ಮಾಡುತ್ತಾರೆ. ಅಂದರೆ ನಿಮ್ಮ ಹಣದಲ್ಲಿ ಮೊದಲು ತೀರುವುದು ಮಗನ ಕಂತು, ಬಾಕಿ ಉಳಿಯುವುದು ನಿಮ್ಮ ಬಾಯ್ಲರ್ ರಿಪೇರಿಯ ಹಣ!

ಕನಿಷ್ಠ ಬಾಕಿಗಿಂತ ಹೆಚ್ಚು ಕಟ್ಟಿರುವುದರಿಂದ ವಿಳಂಬ ಶುಲ್ಕ ಬೀಳುವುದಿಲ್ಲ, ನಿಜ. ಆದರೆ ಉಳಿದ 9,500ಕ್ಕೆ ಖರೀದಿ ಮಾಡಿದ ದಿನದಿಂದ ಬಡ್ಡಿ ಓಡುತ್ತದೆ. ತಿಂಗಳಿಗೆ ಶೇ 3.5ರ ದರ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 330 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬರುತ್ತದೆ. ಹಿಂದಿನ ಬಾಕಿ ಪೂರ್ತಿ ತೀರದಿದ್ದರೆ ಹೊಸ ಖರೀದಿಗಳಿಗೆ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಮುಂದಿನ ತಿಂಗಳು ಮೂವರೂ ಸೇರಿ 60,000 ಖರ್ಚು ಮಾಡಿ, ಆ ಹಣ ಸರಾಸರಿ 25 ದಿನ ಬಾಕಿ ನಿಂತರೆ, ಅದಕ್ಕೇ 1,750 ರೂಪಾಯಿ ಬಡ್ಡಿ. ಮಗನಿಗೆ ಪಾಠ ಕಲಿಸಲು ಬಿಟ್ಟ 9,500 ರೂಪಾಯಿ ನಿಮ್ಮ ಪತ್ನಿ ತರುವ ದಿನಸಿಗೂ ಬಡ್ಡಿ ಕಟ್ಟಿಸುತ್ತದೆ.

ಮಗನೇ ಕೊಡಬೇಕು ಎಂಬ ನಿಮ್ಮ ಮಾತು ನ್ಯಾಯವಾದದ್ದೇ. ಅದಕ್ಕೆ ಬ್ಯಾಂಕು ಬೇಕಾಗಿಲ್ಲ. ಕಾರ್ಡಿನ ಖಾತೆಗೆ ಯಾರು ಬೇಕಾದರೂ ಹಣ ಕಟ್ಟಬಹುದು. ಅವನು ತನ್ನ ಬ್ಯಾಂಕ್ ಖಾತೆಯಿಂದ ನಿಮ್ಮ ಕಾರ್ಡಿನ ಸಂಖ್ಯೆಗೆ ಬಿಲ್ ಪಾವತಿಯಾಗಿ 9,500 ಕಳಿಸಲಿ. ಕಡೆಯ ದಿನಕ್ಕೆ ಮೂರು ನಾಲ್ಕು ದಿನ ಮುಂಚೆಯೇ ಕಳಿಸಿ, ಹಣ ಜಮಾ ಆಗಿದೆಯೇ ಎಂದು ನೀವು ಆ್ಯಪ್‌ನಲ್ಲಿ ನೋಡಿಕೊಳ್ಳಿ. ಬಾರದಿದ್ದರೆ ನೀವೇ ಕಟ್ಟಿ, ಅವನ ಜೊತೆಗಿನ ಲೆಕ್ಕ ಮನೆಯಲ್ಲಿ ತೀರಿಸಿಕೊಳ್ಳಿ. ಕನಿಷ್ಠ ಬಾಕಿಯೂ ಕಟ್ಟದೆ ಕಡೆಯ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಬ್ಯಾಂಕು ಅದನ್ನು ಸುಸ್ತಿ ಎಂದು ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ ವರದಿ ಮಾಡುತ್ತದೆ, ನಿಮ್ಮ ಹೆಸರಿನಲ್ಲಿ. ನಾಳೆ ಗೂಡು ಖರೀದಿಗೆ ದುಡಿಮೆ ಬಂಡವಾಳದ ಸಾಲ ಕೇಳಲು ಹೋದಾಗ ಮ್ಯಾನೇಜರು ನೋಡುವುದು ಆ ವರದಿಯನ್ನು. ಅದರಲ್ಲಿ ‘ಮೊಬೈಲ್ ಮಗನದು’ ಎಂದು ಬರೆದಿರುವುದಿಲ್ಲ.

ಮಗನ ಖರ್ಚಿನ ಮೇಲೆ ‘ಇದು ನಾನು ಮಾಡಿದ್ದಲ್ಲ’ ಎಂದು ದೂರು ಕೊಡುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ನೀವೇ ಕೊಡಿಸಿದ ಕಾರ್ಡಿನಲ್ಲಿ ಅವನೇ ಮಾಡಿದ ಖರೀದಿ ಅನಧಿಕೃತ ವ್ಯವಹಾರವಲ್ಲ. ನಿಜವಾದ ವಂಚನೆ ನಡೆದಾಗಲೂ ಆ್ಯಡ್-ಆನ್ ಕಾರ್ಡುದಾರರ ಅಜಾಗರೂಕತೆ ನಿಮ್ಮ ತಲೆಗೇ ಬರುತ್ತದೆ. ಮಗ ಯಾರಿಗೋ ಓಟಿಪಿ ಹೇಳಿಬಿಟ್ಟರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಗ್ರಾಹಕರದ್ದು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮಾಹಿತಿ ಬೇರೆಲ್ಲೋ ಸೋರಿದೆ ಎಂದಾದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ಹೊಣೆ ಇಲ್ಲ. ಇದು 2017ರಿಂದ ಇರುವ ನಿಯಮ. ಹಾಗಾಗಿ ಒಂದು ವಿಷಯವನ್ನು ಇಂದೇ ಕೇಳಿ ತಿಳಿದುಕೊಳ್ಳಿ: ಮಗನ ಕಾರ್ಡಿನ ಓಟಿಪಿ ಮತ್ತು ಖರ್ಚಿನ ಸಂದೇಶ ಯಾರ ಮೊಬೈಲಿಗೆ ಬರುತ್ತದೆ? ಇದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಓಟಿಪಿ ಅವನಿಗೆ ಹೋಗಲಿ, ಆದರೆ ಖರ್ಚಿನ ಸಂದೇಶ ನಿಮಗೂ ಬರುವಂತೆ ಮಾಡಿಸಿ. ಹಾಗಿದ್ದಿದ್ದರೆ ಮೊಬೈಲ್ ಕೊಂಡ ಸಂಜೆಯೇ ನಿಮಗೆ ಗೊತ್ತಾಗುತ್ತಿತ್ತು, ಆಸ್ಪತ್ರೆಯಲ್ಲಿ ಅಲ್ಲ.

ಅವನ ಕಾರ್ಡನ್ನು ಮುಂದೆ ಏನು ಮಾಡಬೇಕು ಎಂಬುದು ಅಪ್ಪ ಮಗನ ತೀರ್ಮಾನ. ಇಟ್ಟುಕೊಳ್ಳುವುದಾದರೆ ಮಿತಿಯನ್ನು 60,000ದಿಂದ 10,000ಕ್ಕೋ 15,000ಕ್ಕೋ ಇಳಿಸಿ. ಒಟ್ಟು ಲಿಮಿಟ್‌ನ ಐದರಲ್ಲಿ ಎರಡು ಪಾಲು ಒಬ್ಬರ ಕೈಗೆ ಕೊಡುವುದು ಹೆಚ್ಚಾಯಿತು. ಆನ್‌ಲೈನ್, ವಿದೇಶಿ, ಎಟಿಎಂ, ತಾಗಿಸಿ ಪಾವತಿ ಇವುಗಳಲ್ಲಿ ಬೇಡವಾದದ್ದನ್ನು ಆ್ಯಪ್‌ನಲ್ಲೇ ಬಂದ್ ಮಾಡಬಹುದು. ಎಟಿಎಂ ಅನ್ನು ಖಂಡಿತ ಬಂದ್ ಮಾಡಿ, ಏಕೆಂದರೆ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಅದೇ ದಿನದಿಂದ ಬಡ್ಡಿ, ಜೊತೆಗೆ ಶುಲ್ಕ. ಕಾರ್ಡ್ ರದ್ದು ಮಾಡುವುದಾದರೆ ಲಿಖಿತವಾಗಿ ಕೋರಿ, ಸ್ವೀಕೃತಿ ಪಡೆಯಿರಿ. ಅದಕ್ಕೆ ಮುಂಚೆ ಅವನು ಅದರ ಮೇಲೆ ಹಾಕಿರುವ ಸ್ವಯಂ ಪಾವತಿಗಳನ್ನು ನಿಲ್ಲಿಸಲಿ. ಕಾರ್ಡ್ ರದ್ದಾದರೂ ಮೊಬೈಲಿನ ಉಳಿದ ಕಂತುಗಳು ನಿಲ್ಲುವುದಿಲ್ಲ, ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಬರುತ್ತಲೇ ಇರುತ್ತವೆ.

ತಮ್ಮನವರಿಗೆ ಕೊಡಿಸಬೇಡಿ. ಮಗನ ಖರ್ಚು ಕೊನೆಗೂ ನಿಮ್ಮ ಮನೆಯೊಳಗಿನದು, ಅವನನ್ನು ಕೂರಿಸಿ ಕೇಳಬಹುದು. ತಮ್ಮನವರ ಸಂಸಾರ ಬೇರೆ, ವ್ಯವಹಾರ ಬೇರೆ. ಅವರು ಕಟ್ಟದಿದ್ದರೆ ನಿಮಗೆ ಹಣದ ನಷ್ಟ, ಕೇಳಿದರೆ ಸಂಬಂಧಕ್ಕೆ ಪೆಟ್ಟು. ಅವರಿಗೆ ನಿಜವಾಗಿ ಕಾರ್ಡ್ ಬೇಕಿದ್ದರೆ ತಮ್ಮ ಹೆಸರಿನಲ್ಲಿ 25,000 ರೂಪಾಯಿಯಷ್ಟು ನಿಶ್ಚಿತ ಠೇವಣಿ ಇಟ್ಟು, ಅದರ ಆಧಾರದ ಮೇಲೆ ಕಾರ್ಡ್ ಪಡೆಯಲಿ. ಅನೇಕ ಬ್ಯಾಂಕುಗಳು ಠೇವಣಿಯ ಬಹುಭಾಗದಷ್ಟು ಲಿಮಿಟ್ ಕೊಡುತ್ತವೆ, ಆದಾಯದ ದಾಖಲೆಗೆ ಹೆಚ್ಚು ಪಟ್ಟು ಹಿಡಿಯುವುದಿಲ್ಲ, ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ನಿಮ್ಮ ಪತ್ನಿಗೂ ಇದೇ ದಾರಿ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಆಗ ಸಕಾಲಕ್ಕೆ ಕಟ್ಟಿದ ಪ್ರತಿ ಬಿಲ್ಲೂ ಅವರ ಹೆಸರಿನ ಸಾಲದ ಚರಿತ್ರೆಗೆ ಸೇರುತ್ತದೆ. ಆಸ್ಪತ್ರೆಯಂಥ ಜಾಗದಲ್ಲಿ ನಿಮ್ಮ ಲಿಮಿಟ್ ತುಂಬಿದ್ದರೂ ಅವರ ಕಾರ್ಡ್ ನಡೆಯುತ್ತದೆ.