ಅರಗಿನ ಬೊಂಬೆಯ ಫೋಟೋ: ಫೋಟೋಗ್ರಾಫರ್‌ಗೆ ಏನು ಬರೆದುಕೊಡಲಿ?

ಪ್ರಶ್ನೆ: ಚನ್ನಪಟ್ಟಣದ ಮರದ ಬೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರ್ತೀನಿ. ಕಂಬಕ್ಕೆ ಬಣ್ಣದ ಬಳೆ ಜೋಡಿಸೋ ಆಟಿಕೆ ಜಾಸ್ತಿ ಹೋಗುತ್ತೆ. ಹೋದ ಸಲ ದುಡ್ಡು ಕೊಟ್ಟು ಫೋಟೋ ತೆಗೆಸಿದೆ. ಬಳೆಗಳ ಮೇಲೆಲ್ಲ ಬಿಳಿ ಚುಕ್ಕೆ. ಮುಖ್ಯ ಫೋಟೋ ತಿರಸ್ಕಾರ ಆಯ್ತು. 'ಬಣ್ಣ ಬೇರೆ ಇದೆ' ಅಂತ ಮೂರು ಪೀಸ್ ವಾಪಸ್ ಬಂತು. ಈ ಸಲ ಬೇರೆ ಫೋಟೋಗ್ರಾಫರ್. 'ಏನೇನು ಬೇಕು ಬರೆದುಕೊಡಿ' ಅಂತಿದ್ದಾರೆ. ಏನು ಬರೆಯಲಿ?

ಉತ್ತರ: ಮೊದಲು ಆ ಬಿಳಿ ಚುಕ್ಕೆಯ ವಿಷಯ ಮುಗಿಸೋಣ. ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರಬೇಕಾದದ್ದು ಅದೇ.

ಅರಗು ಹಚ್ಚಿ ಪಾಲಿಶ್ ಮಾಡಿದ ಮರ ಕನ್ನಡಿಯ ಹಾಗೆ. ಎದುರಿಗೆ ಇರುವುದನ್ನೆಲ್ಲ ತೋರಿಸುತ್ತದೆ. ನಿಮ್ಮ ಬಳೆಯ ಮೇಲೆ ಬಿದ್ದ ಚುಕ್ಕೆ ಫ್ಲ್ಯಾಶ್‌ನ ಪ್ರತಿಬಿಂಬ, ಅಷ್ಟೆ. ದೀಪ ಚಿಕ್ಕದಿದ್ದರೆ ಚುಕ್ಕೆ ಚಿಕ್ಕದಾಗಿ, ಕಣ್ಣು ಕುಕ್ಕುವಂತೆ ಬರುತ್ತದೆ. ಏಳು ಬಳೆ ಇದ್ದರೆ ಏಳು ಚುಕ್ಕೆ. ಗುಂಡಗಿನ ರಿಂಗ್ ಲೈಟ್ ಇಟ್ಟರೆ ಏಳು ಪುಟ್ಟ ಸೊನ್ನೆ. ಹೊಳಪನ್ನು ಪೂರ್ತಿ ಅಳಿಸಲು ಹೋಗಬೇಡಿ, ಬೊಂಬೆ ಪ್ಲಾಸ್ಟಿಕ್‌ನಂತೆ ಸಪ್ಪೆಯಾಗುತ್ತದೆ. ಚುಕ್ಕೆಯನ್ನು ಉದ್ದನೆಯ ಮೆತ್ತನೆ ಗೆರೆಯಾಗಿ ಮಾಡಿದರೆ ಸಾಕು. ಆಗ ನೋಡುವವರಿಗೆ 'ಇದು ಅರಗಿನ ಪಾಲಿಶ್' ಎಂದು ಗೊತ್ತಾಗುತ್ತದೆ.

ಅದಕ್ಕೆ ಬೆಳಕು ದೊಡ್ಡದಿರಬೇಕು, ಹತ್ತಿರವಿರಬೇಕು. ನೇರ ಬಿಸಿಲು ಬೀಳದ ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ, ಅದರಿಂದ ಎರಡಡಿ ದೂರದಲ್ಲಿ ಬೊಂಬೆ ಇಟ್ಟರೂ ಆಗುತ್ತದೆ. ಸ್ಟುಡಿಯೋದಲ್ಲಾದರೆ ಮೂರಡಿಯ ಸಾಫ್ಟ್‌ಬಾಕ್ಸ್, ಅಂದರೆ ಮುಂದೆ ಬಿಳಿ ಬಟ್ಟೆ ಇರುವ ದೀಪದ ಪೆಟ್ಟಿಗೆ. ಬೆಳಕು ಒಂದು ಪಕ್ಕದಿಂದ ಬರಲಿ, ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಲಿ. ಹಳದಿ ಬಳೆಯ ಅಂಚು ಬಿಳಿ ಹಿನ್ನೆಲೆಯಲ್ಲಿ ಕರಗಿಹೋದರೆ, ಚೌಕಟ್ಟಿಗೆ ಸ್ವಲ್ಪ ಆಚೆ ಎರಡೂ ಪಕ್ಕ ಕಪ್ಪು ಚಾರ್ಟ್‌ನ ಪಟ್ಟಿ ನಿಲ್ಲಿಸಬೇಕು. ಆ ಕಪ್ಪು ಬಳೆಯ ಅಂಚಿನಲ್ಲಿ ತೆಳ್ಳಗೆ ಪ್ರತಿಫಲಿಸಿ ಆಕಾರ ಎತ್ತಿ ಹಿಡಿಯುತ್ತದೆ. ತೆಗೆಯುವವರು ಕಡು ಬಣ್ಣದ ಅಂಗಿ ಹಾಕಿಕೊಂಡರೆ ಒಳ್ಳೆಯದು. ತಮಾಷೆಯಲ್ಲ, ಒಬ್ಬರ ಕಿತ್ತಳೆ ಟೀ ಶರ್ಟ್ ಬೊಂಬೆಯ ತಲೆಯ ಮೇಲೆ ಕುಳಿತದ್ದನ್ನು ನಾನೇ ನೋಡಿದ್ದೇನೆ.

ಇನ್ನು ಹಿನ್ನೆಲೆ. ನಿಮ್ಮ ಮಾರಾಟ ತಾಣ ಯಾವುದೆಂದು ಬರೆದಿಲ್ಲ. ಅಮೆಜಾನ್‌ನ ನಿಯಮ ಬಿಗಿ, ಅದಕ್ಕೆ ಹೊಂದಿಸಿ ತೆಗೆಸಿಬಿಡಿ. ಅಲ್ಲಿ ಮುಖ್ಯ ಫೋಟೋದ ಹಿನ್ನೆಲೆ ಅಚ್ಚ ಬಿಳಿ ಇರಬೇಕು, ಅಂದರೆ RGB 255, 255, 255. ವಸ್ತು ಚೌಕಟ್ಟಿನ 85% ತುಂಬಬೇಕು. ಅಕ್ಷರ, ಲೋಗೋ, ವಾಟರ್‌ಮಾರ್ಕ್, ಪೆಟ್ಟಿಗೆಯಲ್ಲಿ ಬಾರದ ವಸ್ತು ಯಾವುದೂ ಇರಬಾರದು. ಬಿಳಿ ಚಾರ್ಟ್ ಮುಂದೆ ತೆಗೆದರೆ ಬಿಳಿ ಬಂದೇ ಬರುತ್ತದೆ ಅನ್ನಿಸುತ್ತದೆ, ಅಲ್ವಾ? ಬರುವುದಿಲ್ಲ. ಕ್ಯಾಮೆರಾ ಅದನ್ನು ತಿಳಿ ಬೂದು ಮಾಡುತ್ತದೆ. ಬೂದು ಹೋಗಲೆಂದು ಒಟ್ಟು ಬೆಳಕನ್ನೇ ಹೆಚ್ಚಿಸಿದರೆ ಹಳದಿ ಪೇಲವವಾಗುತ್ತದೆ. ಚಾರ್ಟನ್ನು ಮಡಿಕೆ ಬೀಳದಂತೆ ಗೋಡೆಯಿಂದ ಮೇಜಿನ ಮೇಲಕ್ಕೆ ಇಳಿಬಿಟ್ಟು, ಬೊಂಬೆಯನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ಇಡಲಿ. ಬೆಳಕನ್ನು ಬೊಂಬೆಯ ಬಣ್ಣಕ್ಕೆ ಹೊಂದಿಸಲಿ. ಹಿನ್ನೆಲೆಯನ್ನು ಆಮೇಲೆ ಎಡಿಟಿಂಗ್‌ನಲ್ಲಿ ಬಿಳಿ ಮಾಡಲಿ, ಬುಡದ ಮೆತ್ತನೆ ನೆರಳು ಸ್ವಲ್ಪ ಉಳಿಯಲಿ. ಪೂರ್ತಿ ಕತ್ತರಿಸಿದರೆ ಬೊಂಬೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಫೋಟೋ ಕೈಗೆ ಬಂದ ಮೇಲೆ ಪರೀಕ್ಷೆ ಸುಲಭ. ಖಾಲಿ ಬಿಳಿ ಪುಟದ ಮೇಲೆ ಅದನ್ನಿಟ್ಟು ಪರದೆಯ ಬೆಳಕು ಪೂರ್ತಿ ಏರಿಸಿ. ಸುತ್ತ ಚೌಕದ ಅಂಚು ಕಂಡರೆ ಇನ್ನೂ ಬೂದು ಉಳಿದಿದೆ.

ವಾಪಸ್ ಬಂದ ಮೂರು ಪೀಸಿನ ಕಾರಣ ಹೆಚ್ಚಾಗಿ ಮಿಶ್ರ ಬೆಳಕು. ಕಿಟಕಿ ಬೆಳಕು ಒಂದು ಬಣ್ಣ, ಮನೆಯ ಬಲ್ಬು ಇನ್ನೊಂದು. ಎರಡೂ ಸೇರಿದರೆ ಒಂದು ಪಕ್ಕ ಸರಿ, ಇನ್ನೊಂದು ಪಕ್ಕ ಹಳದಿ. ಎಡಿಟಿಂಗ್‌ನಲ್ಲೂ ಸರಿಹೋಗುವುದಿಲ್ಲ, ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ. ಹಾಗಾಗಿ ಕೋಣೆಯ ಬೇರೆ ದೀಪಗಳೆಲ್ಲ ಆರಿರಬೇಕು. ಮೊದಲ ಫೋಟೋದಲ್ಲಿ ಬೊಂಬೆಯ ಪಕ್ಕ ಗ್ರೇ ಕಾರ್ಡ್ ಎಂಬ ಬೂದು ರಟ್ಟು ಇಟ್ಟು, ಅದು ಅಚ್ಚ ಬೂದಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ ಹೊಂದಿಸಬೇಕು. ಗಾಢ ಕೆಂಪಿನ ಮೇಲೆ ವಿಶೇಷ ಕಣ್ಣಿಡಿ. ಬೆಳಕು ಸ್ವಲ್ಪ ಜಾಸ್ತಿಯಾದರೂ ಅದು ಒಂದೇ ಸಮನೆ ಉರಿದಂತಾಗಿ, ಬಳೆಯ ದುಂಡು ಕಾಣುವುದಿಲ್ಲ. ಕೊನೆಗೆ ನಿಜವಾದ ಬೊಂಬೆಯನ್ನು ಕಿಟಕಿಯ ಹತ್ತಿರ ಫೋನಿನ ಪಕ್ಕ ಹಿಡಿದು ನೋಡಿ. ಒಂದು ಮಾತು: ಕೈಯಲ್ಲಿ ಬಣ್ಣ ಹಚ್ಚಿದ ಮಾಲು ಸಲದಿಂದ ಸಲಕ್ಕೆ ಸ್ವಲ್ಪ ಬದಲಾಗುತ್ತದೆ. ಈಗ ಸ್ಟಾಕ್ ಇರುವ ಪೀಸನ್ನೇ ಫೋಟೋಗೆ ಕಳಿಸಿ, ಶೋಕೇಸಿನ ಹಳೆಯದನ್ನಲ್ಲ.

ಕೋನಗಳು ಐದು ಸಾಕು. ಮುಖ್ಯ ಫೋಟೋಗೆ ಕ್ಯಾಮೆರಾ ಬೊಂಬೆಗಿಂತ ಸ್ವಲ್ಪ ಮೇಲಿರಲಿ. ತೀರಾ ನೇರಕ್ಕೆ ಹಿಡಿದರೆ ಬಳೆಗಳ ರಾಶಿ ಬರೀ ತ್ರಿಕೋನದಂತೆ ಕಾಣುತ್ತದೆ, ತುಸು ಮೇಲಿನಿಂದ ಪ್ರತಿ ಬಳೆಯ ದುಂಡು ತಿಳಿಯುತ್ತದೆ. ಎರಡನೆಯದು ಬಳೆಗಳನ್ನು ಬಿಡಿಸಿ ಹರಡಿ ಮೇಲಿನಿಂದ, ಪೆಟ್ಟಿಗೆಯಲ್ಲಿ ಏನೇನಿದೆ ಎಂದು ಎಣಿಸುವಂತೆ. ಮೂರನೆಯದು ಒಂದು ಬಳೆಯ ಅಂಚು ಹತ್ತಿರದಿಂದ. ನಾಲ್ಕನೆಯದು ದೊಡ್ಡವರ ಅಂಗೈಯಲ್ಲಿ, ಅಳತೆ ತಿಳಿಯಲು. ಐದನೆಯದು ಬುಡ. ಮಗುವಿನ ತಂದೆತಾಯಿ ಅಲ್ಲಿ ಚೂಪು ಅಂಚು, ಮೊಳೆ ಇದೆಯಾ ಎಂದು ಹುಡುಕುತ್ತಾರೆ. ಫೋನಿನಲ್ಲಿ ತೆಗೆಯುವುದಾದರೆ ನಾಲ್ಕಡಿ ಹಿಂದೆ ನಿಂತು 2x ಬಳಸಲಿ. ಹತ್ತಿರ ಹೋದರೆ ಮುಂದಿನ ಬಳೆ ಉಬ್ಬುತ್ತದೆ.

ಮಗು ಬೊಂಬೆ ಹಿಡಿದು ಆಡುತ್ತಿರುವ ಫೋಟೋ ಒಂದೇ ಒಂದು ಸಾಕು, ಆದರೆ ಅದನ್ನು ಬಿಡಿಸಿ ಬರೆಯಿರಿ. 'ಮನೆಯ ವಾತಾವರಣ' ಎಂದು ಬರೆದರೆ ಹೂದಾನಿ, ಟೆಡ್ಡಿ, ಕಾಫಿ ಲೋಟ ಎಲ್ಲ ಬಂದು ಕೂರುತ್ತವೆ. ಹೀಗೆ ಬರೆಯಬಹುದು: "ಕೆಂಪು ಗಾರೆ ನೆಲ. ಮಗು ಚಕ್ಕಂಬಕ್ಕಲ ಹಾಕಿ ಕೂತಿದೆ. ನಾಲ್ಕು ಬಳೆ ಕಂಬದಲ್ಲಿವೆ, ಐದನೆಯದು ಕೈಯಲ್ಲಿ, ಎರಡು ನೆಲದ ಮೇಲೆ. ಫೋಕಸ್ ಕೈಯಲ್ಲಿರುವ ಬಳೆಯ ಮೇಲೆ, ಮುಖ ಮಸುಕಾದರೂ ಪರವಾಗಿಲ್ಲ. ಕ್ಯಾಮೆರಾ ಮಗುವಿನ ಎದೆಯ ಎತ್ತರದಲ್ಲಿ. ಬೆಳಕು ಎಡಗಡೆ ಕಿಟಕಿಯಿಂದ. ಬೇರೆ ಯಾವ ಆಟಿಕೆಯೂ ಬೇಡ. ಬಟ್ಟೆ ತಿಳಿ ಬಣ್ಣದ್ದು, ಚಿತ್ರ, ಅಕ್ಷರ ಇಲ್ಲದ್ದು. ಚೌಕಕ್ಕೆ ಕತ್ತರಿಸಿದರೂ ಬೊಂಬೆ ಪೂರ್ತಿ ಉಳಿಯಬೇಕು." ಲೇಬಲ್ ಮೇಲೆ ಬರೆದ ವಯಸ್ಸಿಗಿಂತ ಚಿಕ್ಕ ಮಗುವನ್ನು ಕೂರಿಸಬೇಡಿ. ಫೋಟೋ ಮಾರಾಟಕ್ಕೆ ಬಳಸಲು ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಈ ಫೋಟೋ ಮುಖ್ಯ ಚಿತ್ರವಾಗಿ ನಡೆಯುವುದಿಲ್ಲ, ಎರಡನೆಯದೋ ಮೂರನೆಯದೋ ಆಗಿ ಹಾಕಿ.

ಇಷ್ಟನ್ನೂ ಒಂದು ಪುಟದಲ್ಲಿ ಬರೆದು, ಮೇಲುಗಡೆ ಒಂದು ಷರತ್ತು ಸೇರಿಸಿ: ಮೊದಲು ಒಂದೇ ಬೊಂಬೆ ತೆಗೆದು ಕಳಿಸಬೇಕು, ನೀವು ಒಪ್ಪಿದ ಮೇಲೆ ಉಳಿದವು. ಒಪ್ಪಿದ ಜಾಗಕ್ಕೆ ಮೇಜಿನ ಮೇಲೆ ಟೇಪ್ ಅಂಟಿಸಿಕೊಂಡರೆ ಎಲ್ಲ ಪೀಸುಗಳೂ ಒಂದೇ ಬೆಳಕಿನಲ್ಲಿ ಬರುತ್ತವೆ. ಫೈಲುಗಳು 2000 x 2000 ಪಿಕ್ಸೆಲ್‌ನ JPEG, ಬಣ್ಣ sRGB. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.