“ಇದ್ರಾಗ ನಿಂದು ಯಾವ್ದವ್ವಾ?”: ಪಿಎಚ್‌ಡಿ ಕರಡಿನ ಒಂದು ಆಪ್ತಸಲಹೆ ಪ್ರಕರಣ

ಕಲಬುರಗಿಯಲ್ಲಿ ನನ್ನ ಬಳಿ ಬರುವವರಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಜಾಸ್ತಿ. ಈ ಪ್ರಕರಣದ ಮಹಿಳೆ ಯಾದಗಿರಿ ಕಡೆಯವರು, ಅತಿಥಿ ಉಪನ್ಯಾಸಕಿ. ಅರ್ಥಶಾಸ್ತ್ರದಲ್ಲಿ ಕನ್ನಡದಲ್ಲೇ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದಾರೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಕರಡಿನ ವಾಕ್ಯಗಳನ್ನೂ ನಾನೇ ಬೇರೆ ಮಾಡಿ ಬರೆದಿದ್ದೇನೆ. ಇಲ್ಲಿ ಅವರನ್ನು ಸುಮ್ನೆ ಶಾಂತಾ ಎಂದು ಕರೆಯೋಣ.

ಅವರು ಬಂದದ್ದು ನಿದ್ದೆ ಬರುತ್ತಿಲ್ಲ ಎಂದು. ಎರಡನೇ ಅಧ್ಯಾಯ ಓದಿದ ಗೈಡ್ ಕರಡು ವಾಪಸ್ ಕೊಟ್ಟು, “ಇದ್ರಾಗ ನಿಂದು ಯಾವ್ದವ್ವಾ?” ಎಂದು ಕೇಳಿದ್ದರು. ಬೈಗುಳ ಏನೂ ಅಲ್ಲ. ಆದರೆ ಶಾಂತಾಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಫೈಲ್ ತೆರೆದಿರಲಿಲ್ಲ. “ನಾ ಕದ್ದಿಲ್ರೀ ಮೇಡಂ. ಆದ್ರ ಯಾವ್ದು ನಂದು ಅಂತ ನನಗೇ ಗೊತ್ತಾಗವಲ್ದು,” ಅಂದರು.

ಇದನ್ನು ಬರೀ ಆತಂಕ ಎಂದು ನೋಡಿ ಉಸಿರಾಟದ ಅಭ್ಯಾಸ ಹೇಳಿ ಕಳಿಸಿದ್ದರೆ ಕೆಲಸ ಆಗುತ್ತಿರಲಿಲ್ಲ. ಭಯಕ್ಕೆ ನಿಜವಾದ ಕಾರಣ ಇತ್ತು. ಹಲವು ವರ್ಷ ಅವರು ಟಿಪ್ಪಣಿ ಪುಸ್ತಕಗಳಲ್ಲಿ ಬರೆದುಕೊಂಡಿದ್ದರು. ಪುಸ್ತಕದ ಸಾಲು, ಅದರ ಸಾರಾಂಶ, ಓದುವಾಗ ತಮಗೆ ಹೊಳೆದದ್ದು, ಎಲ್ಲ ಒಂದೇ ಶಾಯಿಯಲ್ಲಿ. ಉದ್ಧರಣ ಚಿಹ್ನೆ ಇಲ್ಲ, ಪುಟ ಸಂಖ್ಯೆ ಅಲ್ಲೊಂದು ಇಲ್ಲೊಂದು. ಟೈಪ್ ಮಾಡುವಾಗ ಎಲ್ಲ ಕಲೆತುಹೋಯಿತು.

ಕೃತಿಚೌರ್ಯ ಪತ್ತೆಹಚ್ಚುವ ಸಾಫ್ಟ್‌ವೇರ್ ವರದಿ ಬೇರೆ ಬರಹಗಳೊಂದಿಗೆ ಶೇ 23 ಹೋಲಿಕೆ ತೋರಿಸಿತ್ತು. ಅವರ ಕಣ್ಣೆಲ್ಲ ಆ ಅಂಕಿಯ ಮೇಲೇ ಇತ್ತು. ಯುಜಿಸಿಯ 2018ರ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದಕ್ಕಿಂತ ಮೇಲೆ, ಶೇ 40ರವರೆಗೆ ಇದ್ದರೆ 6 ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಮತ್ತೆ ಸಲ್ಲಿಸಬೇಕು. ಸರಿಯಾಗಿ ಮೂಲ ಹೇಳಿದ ಉದ್ಧರಣೆ, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ ಲೆಕ್ಕಕ್ಕೆ ಬರುವುದಿಲ್ಲ. ಅವರ ವರದಿಯಲ್ಲಿ ಗ್ರಂಥಸೂಚಿಯೂ ಸೇರಿಕೊಂಡಿತ್ತು. ಅದನ್ನು ತೆಗೆದು ನೋಡಿದರೆ ಅಂಕಿ ಇಳಿಯುತ್ತದೆ ಎಂದಾಗ ಮುಖ ಸ್ವಲ್ಪ ಅರಳಿತು. ಆದರೆ ಆ ಸಮಾಧಾನ ಅಲ್ಲಿಗೇ ಬಿಡುವ ಹಾಗಿರಲಿಲ್ಲ. ಅಧ್ಯಾಯದ ಬಹುಪಾಲು ಇಂಗ್ಲಿಷ್ ಲೇಖನಗಳಿಂದ ಕನ್ನಡಕ್ಕೆ ತಂದದ್ದು. ಅಂಥ ಸಾಲು ಯಂತ್ರದ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಯಂತ್ರ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ವಿಚಾರ ನಮ್ಮದಾಗುವುದಿಲ್ಲ, ಅಲ್ವಾ? ಗೈಡ್ ಕೇಳಿದ್ದೂ ಅಂಕಿಯನ್ನಲ್ಲ.

ಮೊದಲು ಹೇಳಿದ್ದು ಇಷ್ಟೇ: ಏನನ್ನೂ ತಿದ್ದಬೇಡಿ. ಅಧ್ಯಾಯ ಪ್ರಿಂಟ್ ತೆಗೆಯಿರಿ, ಬಣ್ಣದ ಪೆನ್ನು ಹಿಡಿಯಿರಿ, ಒಂದೊಂದೇ ವಾಕ್ಯಕ್ಕೆ ಬಣ್ಣ ಹಚ್ಚಿ. ಬೇರೆಯವರ ಮಾತು ಅಕ್ಷರಶಃ ಇದ್ದರೆ ಹಸಿರು. ಬೇರೆಯವರ ವಿಚಾರ, ನಿಮ್ಮ ಮಾತು ಆದರೆ ಹಳದಿ. ನಿಮ್ಮದೇ ಆದರೆ ಹಾಗೇ ಬಿಳಿ ಬಿಡಿ. ಗೊತ್ತಿಲ್ಲದಿದ್ದರೆ ಗುಲಾಬಿ. ಗುಲಾಬಿಯನ್ನು ಬೇಕೆಂದೇ ಇಟ್ಟೆ. ಅದು ಇಲ್ಲದಿದ್ದರೆ ಭಯದಲ್ಲಿರುವವರು ಎಲ್ಲಕ್ಕೂ ಹಳದಿ ಹಚ್ಚುತ್ತಾರೆ, ಧೈರ್ಯದವರು ಎಲ್ಲವನ್ನೂ ಬಿಳಿ ಬಿಡುತ್ತಾರೆ. ಎರಡೂ ಸುಳ್ಳೇ.

ಮುಂದಿನ ಸಲ ಅವರು ತಂದ ಹಾಳೆಗಳಲ್ಲಿ ಒಂದು ಪ್ಯಾರಾ ಹಿಡಿದು ಕೂತೆವು. ವಿಷಯ ಪ್ರಾದೇಶಿಕ ಅಸಮತೋಲನ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು ಎಂಬುದು ಮೊದಲ ವಾಕ್ಯ. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲೂ 39 ಅತ್ಯಂತ ಹಿಂದುಳಿದವು ಎಂಬುದು ಎರಡನೆಯದು. ಯಾದಗಿರಿ ಜಿಲ್ಲೆಯ ಸ್ಥಿತಿಯನ್ನು ಸಮಿತಿ ಎತ್ತಿ ತೋರಿಸಿದೆ ಎಂಬುದು ಮೂರನೆಯದು. ದುಡ್ಡು ಬಂದರೂ ಖರ್ಚಾಗುವುದಿಲ್ಲ ಎಂಬುದು ನಾಲ್ಕನೆಯದು. ಇದೇ ನಮ್ಮ ಭಾಗದ ದೊಡ್ಡ ಸಮಸ್ಯೆ ಎಂಬುದು ಐದನೆಯದು. ಎಲ್ಲ ಮುಗಿದ ಮೇಲೆ ಒಂದೇ ಒಂದು ಆವರಣ, ಅದರೊಳಗೆ ಒಬ್ಬ ಲೇಖಕರ ಹೆಸರು, ವರ್ಷ.

ಆ ಒಂದು ಆವರಣ ಎಷ್ಟು ವಾಕ್ಯಗಳಿಗೆ ಸೇರಿದ್ದು? ಐದಕ್ಕೂ ಎಂದು ಶಾಂತಾ. ಕೊನೆಯದಕ್ಕೆ ಮಾತ್ರ ಎಂದು ಓದುಗರು. ಗೈಡ್ ಪ್ರಶ್ನೆ ಹುಟ್ಟಿದ್ದು ಇಲ್ಲೇ.

ಮೊದಲ ವಾಕ್ಯ ಎಲ್ಲರಿಗೂ ಗೊತ್ತಿರುವ ಸಂಗತಿ, ಮೂಲ ಹೇಳದಿದ್ದರೂ ನಡೆಯುತ್ತದೆ. ಎರಡನೆಯದು ಸಮಿತಿಯ ಲೆಕ್ಕ. ವರದಿ ನೋಡಿದ್ದೀರಾ ಎಂದು ಕೇಳಿದೆ. ನೋಡಿರಲಿಲ್ಲ, ಹಿರಿಯರೊಬ್ಬರ ಪ್ರಬಂಧದಿಂದ ಬರೆದುಕೊಂಡಿದ್ದರು. ಹಾಗಿದ್ದರೆ ದಾರಿ ಎರಡು. ವರದಿಯನ್ನೇ ತೆರೆದು ಪುಟ ನೋಡಿ ಅದನ್ನು ಹೆಸರಿಸುವುದು. ಇಲ್ಲವೇ “ನಂಜುಂಡಪ್ಪ ಸಮಿತಿ, 2002, ಇಂಥವರ ಪ್ರಬಂಧದಲ್ಲಿ ಉಲ್ಲೇಖಿತ” ಎಂದು ಬರೆದು, ಗ್ರಂಥಸೂಚಿಯಲ್ಲಿ ತಾವು ಓದಿದ ಪ್ರಬಂಧವನ್ನು ಮಾತ್ರ ಸೇರಿಸುವುದು. ಓದದ ವರದಿಯನ್ನು ಓದಿದಂತೆ ತೋರಿಸಿದರೆ ಹಿರಿಯರು ಮಾಡಿದ ತಪ್ಪೂ ನಮ್ಮ ಹೆಸರಿಗೆ ಬರುತ್ತದೆ.

ಮೂರನೆಯ ವಾಕ್ಯಕ್ಕೆ ಹಳದಿ ಹಚ್ಚಿದ್ದರು, ಮೂಲ ಸಮಿತಿ ಎಂದಿದ್ದರು. “ಯಾದಗಿರಿ ಜಿಲ್ಲೆ ಆಗಿದ್ದು ಯಾವಾಗ್ರಿ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. ಗುಲ್ಬರ್ಗ ಜಿಲ್ಲೆಯಿಂದ ಯಾದಗಿರಿ ಬೇರೆಯಾದದ್ದು ವರದಿ ಬಂದು ಸುಮಾರು ಎಂಟು ವರ್ಷದ ಮೇಲೆ. 2002ರ ವರದಿಯಲ್ಲಿ “ಯಾದಗಿರಿ ಜಿಲ್ಲೆ” ಇರಲು ಸಾಧ್ಯವೇ ಇಲ್ಲ. ಅಂದರೆ ತಾಲ್ಲೂಕುವಾರು ಅಂಕಿಗಳನ್ನು ಈಗಿನ ಜಿಲ್ಲೆಯ ಗಡಿಗೆ ಹೊಂದಿಸಿದವರು ಯಾರೋ ಮುಂದಿನವರು. ಆ ಹೊಂದಾಣಿಕೆಯೂ ಒಂದು ಕೆಲಸ, ಅದಕ್ಕೂ ಮೂಲ ಹೇಳಬೇಕು. ವಾಕ್ಯ ಗುಲಾಬಿಗೆ ಹೋಯಿತು. ಕಾಲಕ್ಕೆ ಹೊಂದದ ಊರಿನ ಹೆಸರು, ಜಿಲ್ಲೆಯ ಹೆಸರು, ತಮ್ಮ ಬರವಣಿಗೆಯಲ್ಲಿ ಬೇರೆಲ್ಲೂ ಇಲ್ಲದ ಪದ, ಇವು ಎರವಲು ಸಾಲನ್ನು ಹಿಡಿದುಕೊಡುತ್ತವೆ.

ನಾಲ್ಕನೆಯದಕ್ಕೆ ಮೂಲ ಸಿಕ್ಕಿತು. ಅದರ ಕನ್ನಡ ರೂಪ ಹೆಚ್ಚುಕಡಿಮೆ ಹೀಗೆ: “ಅನುದಾನ ಹಂಚಿಕೆಯಾದರೂ ಅದನ್ನು ವೆಚ್ಚ ಮಾಡುವ ಸ್ಥಳೀಯ ಆಡಳಿತದ ಸಾಮರ್ಥ್ಯ ದುರ್ಬಲವಾಗಿರುವುದರಿಂದ ಯೋಜನೆಗಳು ಕಾಗದದ ಮೇಲೆಯೇ ಉಳಿಯುತ್ತವೆ.” ಶಾಂತಾ ಬರೆದದ್ದು: “ಹಣ ಬಿಡುಗಡೆಯಾದರೂ ಅದನ್ನು ಖರ್ಚು ಮಾಡುವ ಸ್ಥಳೀಯ ಆಡಳಿತದ ಶಕ್ತಿ ಕಡಿಮೆ ಇರುವುದರಿಂದ ಯೋಜನೆಗಳು ಕಾಗದದಲ್ಲೇ ಉಳಿಯುತ್ತವೆ.” ಪದ ಬದಲಾಗಿವೆ, ವಾಕ್ಯದ ಅಸ್ಥಿಪಂಜರ ಹಾಗೇ ಇದೆ. ಇದು ಉದ್ಧರಣೆಯೂ ಅಲ್ಲ, ಸ್ವಂತ ಮಾತಿನ ನಿರೂಪಣೆಯೂ ಅಲ್ಲ. ಮೂಲ ಹೆಸರಿಸಿದರೂ ಇಂಥ ವಾಕ್ಯ ಸಮಸ್ಯೆಯೇ.

ಮೂಲವನ್ನು ಮುಚ್ಚಿಟ್ಟು, ಸ್ಟಾಫ್ ರೂಮಿನಲ್ಲಿ ಗೆಳತಿಗೆ ಹೇಳುವ ಹಾಗೆ ಬರೆಯಲು ಹೇಳಿದೆ. ಅವರು ಬರೆದರು: “ದುಡ್ಡಿನ ಕೊರತೆಯೇ ಕಾರಣ ಎಂದು ಈ ಲೇಖಕರು ಒಪ್ಪುವುದಿಲ್ಲ. ಸಿಬ್ಬಂದಿ ಇಲ್ಲದ್ದರಿಂದ ಕೆಲಸ ನಿಂತಿದೆ ಎನ್ನುತ್ತಾರೆ.” ಮಾತು ಅವರದೇ ಆಗಿತ್ತು. ಆದರೆ ಮೂಲ ತೆರೆದು ಹೋಲಿಸಿದರೆ ಅಲ್ಲಿ ಸಿಬ್ಬಂದಿಯ ಸುದ್ದಿಯೇ ಇಲ್ಲ, ಸಾಮರ್ಥ್ಯ ಎಂದಷ್ಟೇ ಇದೆ. ಹುದ್ದೆ ತುಂಬಿದ್ದರೂ ಸಾಮರ್ಥ್ಯ ಇಲ್ಲದಿರಬಹುದು. ಸ್ವಂತ ಮಾತಿನಲ್ಲಿ ಹೇಳುವಾಗ ಬಹಳ ಜನ ಜಾರುವುದು ಇಲ್ಲೇ: ಲೇಖಕರು ಹೇಳದ್ದನ್ನು ಅವರ ಬಾಯಲ್ಲಿ ಇಡುತ್ತೇವೆ. ಅದಕ್ಕೇ ಮುಚ್ಚಿ ಬರೆದರೆ ಸಾಲದು, ತೆರೆದು ನೋಡಲೇಬೇಕು.

“ಮತ್ತ ಸಿಬ್ಬಂದಿ ಮಾತು ಎಲ್ಲಿಂದ ಬಂತ್ರಿ?” ಎಂದು ಕೇಳಿದೆ. ತಾವು ಕ್ಷೇತ್ರಕಾರ್ಯಕ್ಕೆ ಹೋಗಿದ್ದ ಎರಡು ಗ್ರಾಮ ಪಂಚಾಯಿತಿಗಳಲ್ಲಿ ಕಂಡದ್ದು ಎಂದರು. ಇಷ್ಟು ದಿನ ಅವರ ಸ್ವಂತ ವಿಶ್ಲೇಷಣೆ ಇನ್ನೊಬ್ಬರ ವಾಕ್ಯದೊಳಗೆ ಅಡಗಿ ಕೂತಿತ್ತು! ನಮ್ಮಲ್ಲಿ ಇದು ಹೊಸದೇನಲ್ಲ. “ನಾನು” ಎಂದು ಬರೆಯುವುದು ಅಹಂಕಾರ ಎಂದು ಕಲಿತು ಬಂದವರು ತಮ್ಮ ಮಾತನ್ನೂ ದೊಡ್ಡವರ ಹೆಸರಿಗೆ ಕಟ್ಟಿಬಿಡುತ್ತಾರೆ. ಗೈಡ್ “ನಾನು” ಬೇಡ ಎಂದರೆ “ಪ್ರಸ್ತುತ ಅಧ್ಯಯನದಲ್ಲಿ” ಎಂದಾದರೂ ಬರೆಯಬಹುದು. ಗಡಿ ಕಾಣಬೇಕು, ಅಷ್ಟೇ.

ಕೊನೆಗೆ ಪ್ಯಾರಾದ ಆ ಭಾಗ ಹೀಗಾಯಿತು: “ದುಡ್ಡಿನ ಕೊರತೆಗಿಂತ, ಬಂದ ದುಡ್ಡನ್ನು ಬಳಸಲು ಸ್ಥಳೀಯ ಆಡಳಿತಕ್ಕೆ ಆಗದಿರುವುದೇ ಯೋಜನೆಗಳು ನಿಲ್ಲಲು ಕಾರಣ ಎಂದು (ಲೇಖಕರ ಹೆಸರು) ವಾದಿಸುತ್ತಾರೆ (ವರ್ಷ, ಪುಟ). ನಾನು ನೋಡಿದ ಎರಡು ಪಂಚಾಯಿತಿಗಳಲ್ಲಿ ಒಂದಕ್ಕೆ ಈ ವಾದ ಹೊಂದುತ್ತದೆ. ಇನ್ನೊಂದರಲ್ಲಿ ಆಗದಿರುವುದಕ್ಕೆ ಮೊದಲ ಕಾರಣವೇ ಖಾಲಿ ಹುದ್ದೆ.” ಲೇಖಕರ ಹೆಸರಿನಿಂದ ಎರವಲು ಶುರು, ಪುಟ ಸಂಖ್ಯೆಯ ಆವರಣದಲ್ಲಿ ಮುಗಿಯಿತು. ಅಲ್ಲಿಂದ ಮುಂದಿನದು ಶಾಂತಾ ಅವರದು. ಐದನೆಯ ವಾಕ್ಯದ ಅಗತ್ಯವೇ ಉಳಿಯಲಿಲ್ಲ.

ಅನುವಾದದ ಬಗ್ಗೆ ಒಂದು ಮಾತು ಸೇರಿಸಿದೆ. ಮೂಲ ಉಲ್ಲೇಖಿಸುವ ಪದ್ಧತಿಗಳಲ್ಲಿ ಒಂದಾದ ಎಪಿಎ ಶೈಲಿಯ 7ನೇ ಆವೃತ್ತಿಯಲ್ಲಿ ನಾವೇ ಅನುವಾದಿಸಿದ ಭಾಗ ಸ್ವಂತ ಮಾತಿನ ನಿರೂಪಣೆಯ ಲೆಕ್ಕ. ಉದ್ಧರಣ ಚಿಹ್ನೆ ಬೇಡ, ಮೂಲದ ಉಲ್ಲೇಖ ಬೇಕೇ ಬೇಕು. ಎಲ್ಲ ಶೈಲಿಗಳೂ ಹೀಗಲ್ಲ, ಅನುವಾದವನ್ನು ಚಿಹ್ನೆಯೊಳಗಿಟ್ಟು “ಅನುವಾದ ನನ್ನದು” ಎಂದು ಬರೆಯುವ ರೂಢಿಯೂ ಇದೆ. ಯಾವುದು ಎಂಬುದನ್ನು ಗೈಡ್ ಹತ್ತಿರ ಕೇಳಿ, ಇಡೀ ಪ್ರಬಂಧಕ್ಕೆ ಒಂದೇ ರೀತಿ ಇರಲಿ ಎಂದೆ. ಅದು ನಾನು ತೀರ್ಮಾನಿಸುವ ವಿಷಯ ಅಲ್ಲ.

ಗುಲಾಬಿ ವಾಕ್ಯಗಳಿಗೆ ಸಮಯ ಹಿಡಿಯಿತು. ಟಿಪ್ಪಣಿ ಪುಸ್ತಕ ಹುಡುಕುವುದು, ವಾಕ್ಯದ ವಿಶೇಷ ನಾಲ್ಕು ಪದಗಳನ್ನು ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಹುಡುಕುವುದು. ಸಂಗತಿಯಾದರೆ ಹೊಸದಾಗಿ ಒಂದು ನಂಬುವ ಮೂಲ ಓದಿ ಅದನ್ನೇ ಹೆಸರಿಸಬಹುದು. ವಿಚಾರವಾದರೆ, ಎಲ್ಲಿಂದ ಬಂತೆಂದು ತಿಳಿಯದಿದ್ದರೆ ತೆಗೆಯಬೇಕು. ಹಿಂದುಳಿದಿರುವಿಕೆ ಬಗ್ಗೆ ಒಂದು ಸಾಲು ಅವರಿಗೆ ಬಹಳ ಇಷ್ಟ. “ಇಷ್ಟು ಚಂದ ಅದ ಅಂದ್ರ ನಂದಿರ್ಲಿಕ್ಕಿಲ್ರೀ,” ಎಂದು ತಾವೇ ಹೊಡೆದುಹಾಕಿದರು.

ಮುಂದಿನ ಓದಿಗೆ ಒಂದೇ ಕ್ರಮ ಹೇಳಿದೆ. ಟಿಪ್ಪಣಿ ಪುಸ್ತಕದ ಎಡಪುಟ ಲೇಖಕರಿಗೆ, ಬಲಪುಟ ನಿಮಗೆ. ಎಡಪುಟದಲ್ಲಿ ಅಕ್ಷರಶಃ ಬರೆದರೆ ಅಲ್ಲೇ ಚಿಹ್ನೆ ಹಾಕಿ, ಪುಟ ಸಂಖ್ಯೆ ಇಲ್ಲದೆ ಮುಂದಿನ ಸಾಲಿಗೆ ಹೋಗಬೇಡಿ. ಬಲಪುಟ ಖಾಲಿ ಉಳಿದರೆ ಆ ಲೇಖನದ ಬಗ್ಗೆ ನಿಮಗೆ ಇನ್ನೂ ಏನೂ ಅನ್ನಿಸಿಲ್ಲ ಎಂದರ್ಥ.

ನಿದ್ದೆ ಬಣ್ಣ ಹಚ್ಚಲು ಶುರು ಮಾಡಿದ ವಾರದಲ್ಲೇ ಸುಧಾರಿಸಿತು. ಅಧ್ಯಾಯ ಮಾತ್ರ ಬಹಳ ಸಣ್ಣದಾಯಿತು, ಅದಕ್ಕೆ ಅವರಿಗೆ ಬೇಜಾರೂ ಇತ್ತು. ಹೊಸ ಕರಡು ನೋಡಿದ ಗೈಡ್ ಆ ಎರಡನೇ ಪಂಚಾಯಿತಿಯಲ್ಲಿ ಹುದ್ದೆ ಎಂದಿನಿಂದ ಖಾಲಿ ಎಂದು ಕೇಳಿದ್ದಾರೆ. ಅದರ ದಾಖಲೆ ತರಲು ಶಾಂತಾ ಶಹಾಪುರಕ್ಕೆ ಹೋಗಬೇಕಿದೆ.