ಬೇಗ ಕರಗುವುದು ಬೇರೆ, ಹೆಚ್ಚು ಕರಗುವುದು ಬೇರೆ

ಪ್ರಶ್ನೆ: ಜಯನಗರದಲ್ಲಿ ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದೇನೆ ಸರ್. ಪೊಟ್ಯಾಸಿಯಂ ನೈಟ್ರೇಟ್ ಪ್ರಯೋಗದ ವರದಿಯಲ್ಲಿ ಉದ್ದೇಶ ಅಂತ 'ಉಷ್ಣಾಂಶ ಬದಲಿಸಿ ವಿಲೀನತೆ ಅಳೆಯುವುದು' ಎಂದು ಬರೆದೆ. ಪೀಠಿಕೆಯಲ್ಲಿ 'ಬಿಸಿ ನೀರಿನಲ್ಲಿ ಉಪ್ಪು ಬೇಗ ಕರಗುತ್ತದೆ' ಎಂದೆ. ಮೇಡಂ ಎರಡಕ್ಕೂ ಕೆಂಪು ಗೀಟು ಹಾಕಿದ್ದಾರೆ. ತಪ್ಪೇನು?

ಉತ್ತರ: ಪೀಠಿಕೆಯ ತಪ್ಪು 'ಬೇಗ' ಎಂಬ ಒಂದೇ ಪದದಲ್ಲಿದೆ. ಬೇಗ ಅನ್ನುವುದು ವೇಗದ ಮಾತು. ಸಕ್ಕರೆಯನ್ನು ಪುಡಿ ಮಾಡಿದರೂ ಬೇಗ ಕರಗುತ್ತದೆ, ಆದರೆ ಹೆಚ್ಚು ಕರಗುವುದಿಲ್ಲ. ವಿಲೀನತೆ ಎಂದರೆ ಒಂದು ನಿಶ್ಚಿತ ಉಷ್ಣಾಂಶದಲ್ಲಿ 100 ಗ್ರಾಂ ನೀರು ಗರಿಷ್ಠ ಎಷ್ಟು ಗ್ರಾಂ ಕರಗಿಸಿಕೊಳ್ಳಬಲ್ಲದು ಎಂಬ ಲೆಕ್ಕ. ಪೊಟ್ಯಾಸಿಯಂ ನೈಟ್ರೇಟ್, ನಮ್ಮ ಪೆಟ್ಲುಪ್ಪು, 20 ಡಿಗ್ರಿಯಲ್ಲಿ ಸುಮಾರು 32 ಗ್ರಾಂ ಕರಗಿದರೆ 60 ಡಿಗ್ರಿಯಲ್ಲಿ 110 ಗ್ರಾಂ ಕರಗುತ್ತದೆ. ಅಡುಗೆ ಉಪ್ಪಿನ ವಿಲೀನತೆ ಅಷ್ಟೇ ಬಿಸಿಗೆ ಒಂದೆರಡು ಗ್ರಾಂ ಏರಿದರೆ ಹೆಚ್ಚು. ಈ ಹೋಲಿಕೆಯಿಂದಲೇ ಪೀಠಿಕೆ ಶುರು ಮಾಡಿ. ಪೆಟ್ಲುಪ್ಪು ಕರಗುವಾಗ ಶಾಖ ಹೀರಿಕೊಳ್ಳುತ್ತದೆ, ಆದ್ದರಿಂದ ಬಿಸಿ ಮಾಡಿದಷ್ಟೂ ಸಮತೋಲನ ಕರಗುವ ಕಡೆಗೆ ವಾಲುತ್ತದೆ ಎಂಬ ಕಾರಣ ಸೇರಿಸಿ. ಕರಗಿಸುವಾಗ ಕೊಳವೆಯನ್ನು ಮುಟ್ಟಿ ನೋಡಿದ್ದರೆ ತಣ್ಣಗಾದದ್ದು ನಿಮಗೇ ಗೊತ್ತಾಗಿರುತ್ತದೆ.

ಉದ್ದೇಶದ ತಪ್ಪು ಸ್ವಲ್ಪ ಸೂಕ್ಷ್ಮ. ಬಿಸಿ ಮಾಡಿ ಕರಗಿಸಿ, ತಣಿಸುತ್ತಾ ಮೊದಲ ಹರಳಿಗೆ ಕಾಯುವ ವಿಧಾನ ನಿಮ್ಮದಾದರೆ, ನೀವು ಗೊತ್ತುಮಾಡಿಕೊಂಡದ್ದು ಉಪ್ಪಿನ ತೂಕ, ಅಳೆದದ್ದು ಉಷ್ಣಾಂಶ. ನೀವು ಬರೆದದ್ದು ಅದರ ತಿರುಗುಮುರುಗು. ಹೀಗೆ ತಿದ್ದಿ:

'10 ಮಿ.ಲೀ. ಭಟ್ಟಿ ಇಳಿಸಿದ ನೀರಿನಲ್ಲಿ 4, 6, 8 ಮತ್ತು 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟನ್ನು ಬೇರೆ ಬೇರೆಯಾಗಿ ಕರಗಿಸಿ, ತಣಿಯುವಾಗ ಮೊದಲ ಹರಳು ಕಾಣುವ ಉಷ್ಣಾಂಶವನ್ನು ಗುರುತಿಸುವುದು. ಅದರಿಂದ ಸುಮಾರು 25ರಿಂದ 60 ಡಿಗ್ರಿವರೆಗಿನ ವಿಲೀನತೆಯ ರೇಖೆ ಎಳೆಯುವುದು.'

ಹರಳು ಕಂಡ ಗಳಿಗೆಗೂ ವಿಲೀನತೆಗೂ ಏನು ಸಂಬಂಧ ಎಂಬುದನ್ನು ಪೀಠಿಕೆಯ ಕೊನೆಯಲ್ಲಿ ಹೇಳಲೇಬೇಕು. ಬಹಳಷ್ಟು ವರದಿಗಳಲ್ಲಿ ಇದೇ ಕಾಣೆ. ಆ ಗಳಿಗೆಯಲ್ಲಿ ದ್ರಾವಣ ಪರ್ಯಾಪ್ತವಾಗಿದೆ ಎಂದು ನಾವು ಹಿಡಿಯುತ್ತೇವೆ. 10 ಮಿ.ಲೀ. ನೀರಿಗೆ 6 ಗ್ರಾಂ ಎಂದರೆ 100 ಗ್ರಾಂ ನೀರಿಗೆ 60; ಆ ಕೊಳವೆಯಲ್ಲಿ ಹರಳು 38 ಡಿಗ್ರಿಯ ಆಸುಪಾಸಿನಲ್ಲಿ ಕಾಣಬೇಕು. ಕಲಕದೆ ಸುಮ್ಮನೆ ಬಿಟ್ಟರೆ ದ್ರಾವಣ ಅತಿಪರ್ಯಾಪ್ತವಾಗಿ, ಹರಳು ಇನ್ನೂ ಕೆಳಗೆ, 33ರಲ್ಲೋ 34ರಲ್ಲೋ ಒಮ್ಮೆಗೇ ಮೂಡಬಹುದು. ಇದಕ್ಕೆ ಪೀಠಿಕೆಯಲ್ಲಿ ಒಂದು ವಾಕ್ಯ ಸಾಕು, ವಿವರ ದೋಷಗಳ ಭಾಗಕ್ಕೆ ಇರಲಿ.

4 ಗ್ರಾಂ ಕೊಳವೆಯ ಹರಳು ಸುಮಾರು 26 ಡಿಗ್ರಿಗೆ ಬರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಮೇಜಿನ ಮೇಲಿಟ್ಟರೆ ಸಾಕಾಗಬಹುದು. ಏಪ್ರಿಲ್ಲಿನಲ್ಲಾದರೆ ಐಸ್ ನೀರು ಬೇಕು, ಅದನ್ನು ವಿಧಾನದಲ್ಲಿ ಬರೆಯಿರಿ.